ನ್ಯಾಸ್ ತುಂಬುತ್ತಿದೆ, ಅಳಿಸಿದರೂ ಜಾಗ ಬರುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ, ಅಂದರೆ ನ್ಯಾಸ್, ಶೇ 90 ದಾಟಿ ಎಚ್ಚರಿಕೆಯ ಮೇಲ್ ಕಳಿಸತೊಡಗಿದಾಗ ಹೆಚ್ಚಿನವರು ಮೊದಲು ಮಾಡುವುದು ದೊಡ್ಡ ಫೈಲ್‌ಗಳನ್ನು ಹುಡುಕಿ ಅಳಿಸುವ ಕೆಲಸ. ಸ್ನ್ಯಾಪ್‌ಶಾಟ್ ಚಾಲೂ ಇರುವ ಪೆಟ್ಟಿಗೆಯಲ್ಲಿ ಹಾಗೆ ಅಳಿಸಿದ್ದರಿಂದ ಒಂದು ಜಿಬಿಯೂ ವಾಪಸ್ ಬರದಿರಬಹುದು. ಇಲ್ಲಿನ ಉತ್ತರಗಳು ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಇರುವ ಪೆಟ್ಟಿಗೆಗಳಿಗೆ ಅನ್ವಯಿಸುತ್ತವೆ. ಸಿನಾಲಜಿಯ ಬಹಳಷ್ಟು ಮಾದರಿಗಳು, ಟ್ರೂನ್ಯಾಸ್, ಸ್ವಂತವಾಗಿ ಕಟ್ಟಿಕೊಂಡ ಲಿನಕ್ಸ್ ಪೆಟ್ಟಿಗೆಗಳು ಈ ಗುಂಪಿನವು.

## 4 ಟಿಬಿಯ ಎರಡು ಡಿಸ್ಕ್ ಹಾಕಿದ್ದೇವೆ. ಪೆಟ್ಟಿಗೆ 3.6 ಟಿಬಿ ಮಾತ್ರ ತೋರಿಸುತ್ತಿದೆ. ಉಳಿದದ್ದು ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಎರಡು ಡಿಸ್ಕ್‌ಗಳನ್ನು ಮಿರರ್ ಮಾಡಿದಾಗ ಎರಡರಲ್ಲೂ ಒಂದೇ ಮಾಹಿತಿ ಇರುತ್ತದೆ. ಹಾಗಾಗಿ ನಿಮ್ಮ ಬಳಕೆಗೆ ಸಿಗುವುದು ಒಂದು ಡಿಸ್ಕಿನಷ್ಟು ಜಾಗ. ಡಿಸ್ಕ್ ತಯಾರಕರು 4 ಟಿಬಿ ಎಂದರೆ 4 ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತಾರೆ. ಪೆಟ್ಟಿಗೆಯ ಸಾಫ್ಟ್‌ವೇರ್ 1024ರ ಲೆಕ್ಕದಲ್ಲಿ ಭಾಗಿಸುವುದರಿಂದ ಅದೇ ಸಂಖ್ಯೆ 3.64 ಆಗಿ ಕಾಣುತ್ತದೆ. ಅದರಲ್ಲಿ ಸಿಸ್ಟಮ್ ಮತ್ತು ಫೈಲ್ ಸಿಸ್ಟಮ್ ತಮ್ಮ ಪಾಲು ತೆಗೆದುಕೊಂಡ ಮೇಲೆ ಸುಮಾರು 3.5 ಉಳಿಯುತ್ತದೆ. ಮುಂದಿನ ಉದಾಹರಣೆಯಲ್ಲಿ ಈ 3.5 ಟಿಬಿಯನ್ನೇ ಹಿಡಿದಿದ್ದೇವೆ.

## ನಿನ್ನೆ 230 ಜಿಬಿ ವಿಡಿಯೊ ಅಳಿಸಿದೆ. ಖಾಲಿ ಜಾಗ ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಏಕೆ?

ಎರಡು ಕಾರಣಗಳಿರಬಹುದು. ಎಷ್ಟೋ ಸಲ ಎರಡೂ ಸೇರಿಕೊಂಡಿರುತ್ತವೆ.

ಮೊದಲನೆಯದು ರೀಸೈಕಲ್ ಬಿನ್. ನ್ಯಾಸ್‌ನ ಶೇರ್ಡ್ ಫೋಲ್ಡರ್‌ಗೆ ತನ್ನದೇ ಬಿನ್ ಇರುತ್ತದೆ. ಅದಕ್ಕೂ ನಿಮ್ಮ ಕಂಪ್ಯೂಟರಿನ ಬಿನ್‌ಗೂ ಸಂಬಂಧವಿಲ್ಲ. ಸಿನಾಲಜಿಯಲ್ಲಿ ಅದು ಫೋಲ್ಡರ್ ಒಳಗೆ `#recycle` ಎಂಬ ಹೆಸರಿನಲ್ಲಿ, ಕ್ಯೂನ್ಯಾಪ್‌ನಲ್ಲಿ `@Recycle` ಎಂಬ ಹೆಸರಿನಲ್ಲಿ ಇರುತ್ತದೆ. ನೆಟ್‌ವರ್ಕ್ ಮೂಲಕ ಅಳಿಸಿದ ಫೈಲ್ ಅಲ್ಲಿಗೆ ಹೋಗಿ ಕೂರುತ್ತದೆ. ಅದನ್ನು ಆಗಾಗ ಖಾಲಿ ಮಾಡುವ ವೇಳಾಪಟ್ಟಿಯನ್ನು ನೀವೇ ಹಾಕದಿದ್ದರೆ ವರ್ಷಗಟ್ಟಲೆ ಅಲ್ಲೇ ಇರಬಹುದು.

ಎರಡನೆಯದು ಸ್ನ್ಯಾಪ್‌ಶಾಟ್. ಇದು ಫೈಲ್‌ಗಳ ಇನ್ನೊಂದು ಪ್ರತಿ ಅಲ್ಲ. ಆ ಕ್ಷಣದಲ್ಲಿ ಫೋಲ್ಡರ್‌ನ ಫೈಲ್‌ಗಳು ಡಿಸ್ಕಿನ ಯಾವ ಯಾವ ಬ್ಲಾಕ್‌ಗಳಲ್ಲಿದ್ದವು ಎಂಬುದರ ನಕ್ಷೆ. ತೆಗೆದ ಕ್ಷಣದಲ್ಲಿ ಅದು ಹೆಚ್ಚುಕಡಿಮೆ ಶೂನ್ಯ ಜಾಗ ತಿನ್ನುತ್ತದೆ, ಏಕೆಂದರೆ ಇರುವ ಬ್ಲಾಕ್‌ಗಳನ್ನೇ ಅದೂ ತೋರಿಸುತ್ತಿರುತ್ತದೆ. ಖರ್ಚು ಶುರುವಾಗುವುದು ಆಮೇಲೆ. ನೀವು ಫೈಲ್ ಅಳಿಸಿದರೆ ಫೋಲ್ಡರ್‌ನಿಂದ ಹೆಸರು ಹೋಗುತ್ತದೆ, ಆದರೆ ಹಳೆಯ ಸ್ನ್ಯಾಪ್‌ಶಾಟ್ ಆ ಬ್ಲಾಕ್‌ಗಳನ್ನು ಇನ್ನೂ ಹಿಡಿದುಕೊಂಡಿರುವುದರಿಂದ ಅವು ಖಾಲಿಯಾಗುವುದಿಲ್ಲ. 230 ಜಿಬಿಯ ಲೆಕ್ಕ 'ಫೋಲ್ಡರ್' ಖಾತೆಯಿಂದ 'ಸ್ನ್ಯಾಪ್‌ಶಾಟ್' ಖಾತೆಗೆ ಬದಲಾಯಿತು, ಅಷ್ಟೇ. ಆ ವಿಡಿಯೊ ಇರುವ ಕೊನೆಯ ಸ್ನ್ಯಾಪ್‌ಶಾಟ್ ಹೋಗುವವರೆಗೆ ಜಾಗ ಬರುವುದಿಲ್ಲ.

ಬಿನ್ ಕೂಡ ಶೇರ್ಡ್ ಫೋಲ್ಡರ್‌ನ ಒಳಗೇ ಇರುವುದರಿಂದ ಸ್ನ್ಯಾಪ್‌ಶಾಟ್‌ನಲ್ಲಿ ಅದೂ ಸೇರಿರುತ್ತದೆ. ಅಂದರೆ ಬಿನ್ ಖಾಲಿ ಮಾಡಿದ ಮಾತ್ರಕ್ಕೂ ಜಾಗ ಬರಬೇಕೆಂದಿಲ್ಲ.

## ಯಾವುದು ಎಷ್ಟು ತಿಂದಿದೆ ಎಂದು ಲೆಕ್ಕ ಹಾಕುವುದು ಹೇಗೆ?

ಎರಡು ಸಂಖ್ಯೆ ಬೇಕು. ವಾಲ್ಯೂಮ್ ಪೂರ್ತಿಯಾಗಿ ಎಷ್ಟು ಬಳಕೆಯಾಗಿದೆ ಎಂಬುದು ಒಂದು. ಶೇರ್ಡ್ ಫೋಲ್ಡರ್‌ಗಳಲ್ಲಿ ಈಗ ಕಣ್ಣಿಗೆ ಕಾಣುವ ಫೈಲ್‌ಗಳ ಒಟ್ಟು ಗಾತ್ರ ಇನ್ನೊಂದು. ಎರಡರ ನಡುವಿನ ಅಂತರವೇ ನೀವು ಹುಡುಕಬೇಕಾದದ್ದು.

ಒಂದು ಉದಾಹರಣೆ ನೋಡೋಣ. 3.5 ಟಿಬಿಯ ವಾಲ್ಯೂಮ್‌ನಲ್ಲಿ 3.3 ಟಿಬಿ ಬಳಕೆಯಾಗಿದೆ. ಬಿನ್‌ಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಫೋಟೊ ಫೋಲ್ಡರ್ 850 ಜಿಬಿ, ವಿಡಿಯೊ 600, ದಾಖಲೆಗಳು 50, ಬ್ಯಾಕಪ್ 900. ಒಟ್ಟು 2,400 ಜಿಬಿ. ಅಂತರ 900 ಜಿಬಿ. ವಿಡಿಯೊ ಫೋಲ್ಡರ್‌ನ ಬಿನ್‌ನಲ್ಲಿ 120 ಜಿಬಿ ಸಿಕ್ಕಿತು. ಉಳಿದ 780 ಸ್ನ್ಯಾಪ್‌ಶಾಟ್‌ಗಳದ್ದು. ಅದನ್ನು ಫೋಲ್ಡರ್‌ವಾರು ಬಿಡಿಸಿದರೆ ಬ್ಯಾಕಪ್ ಫೋಲ್ಡರ್‌ನ ಸ್ನ್ಯಾಪ್‌ಶಾಟ್‌ಗಳು 520, ವಿಡಿಯೊ ಫೋಲ್ಡರ್‌ನವು 230, ಫೋಟೊ ಮತ್ತು ದಾಖಲೆಗಳದ್ದು ಎರಡೂ ಸೇರಿ 30.

ಗಮನಿಸಬೇಕಾದದ್ದು ಆ ಕೊನೆಯ ಸಂಖ್ಯೆ. 850 ಜಿಬಿ ಫೋಟೊಗಳಿಗೆ ತಿಂಗಳುಗಟ್ಟಲೆ ಸ್ನ್ಯಾಪ್‌ಶಾಟ್ ಇಟ್ಟರೂ ಖರ್ಚು ಅತ್ಯಲ್ಪ, ಏಕೆಂದರೆ ಫೋಟೊಗಳು ಸೇರುತ್ತಾ ಹೋಗುತ್ತವೆಯೇ ಹೊರತು ಬದಲಾಗುವುದಿಲ್ಲ. ದಿನವೂ ಬರೆದು ಅಳಿಸುವ ಬ್ಯಾಕಪ್ ಫೋಲ್ಡರ್‌ನ ಸ್ನ್ಯಾಪ್‌ಶಾಟ್‌ಗಳೇ ಜಾಗ ನುಂಗುವುದು.

ಝಡ್‌ಎಫ್‌ಎಸ್ ಪೆಟ್ಟಿಗೆಯಲ್ಲಿ ಈ ಬಿಡಿಸುವಿಕೆ ಒಂದೇ ಸಾಲಿನ ಕೆಲಸ. `tank` ಇರುವಲ್ಲಿ ನಿಮ್ಮ ಪೂಲ್ ಹೆಸರು ಹಾಕಿ:

```
zfs list -o space -r tank
```

ಇದರಲ್ಲಿ `USEDDS` ಎಂಬ ಅಂಕಣ ಈಗಿರುವ ಫೈಲ್‌ಗಳದ್ದು, `USEDSNAP` ಸ್ನ್ಯಾಪ್‌ಶಾಟ್‌ಗಳದ್ದು. ಬಿಟಿಆರ್‌ಎಫ್‌ಎಸ್‌ನಲ್ಲಿ ಇಷ್ಟು ಸಲೀಸಲ್ಲ. ಅಲ್ಲಿ ವಾಲ್ಯೂಮ್‌ನ ಒಟ್ಟು ಬಳಕೆಗೆ `btrfs filesystem usage /volume1` ನೋಡಿ, ಫೋಲ್ಡರ್‌ಗಳ ಗಾತ್ರವನ್ನು ಪೆಟ್ಟಿಗೆಯ ವರದಿಯಿಂದ ತೆಗೆದುಕೊಂಡು ಅಂತರವನ್ನು ಕೈಯಲ್ಲೇ ಕಳೆಯುವುದು ಸುಲಭ. ಸಿನಾಲಜಿಯಲ್ಲಿ ಈ ವರದಿ ಕೊಡುವುದು `Storage Analyzer` ಎಂಬ ಪ್ಯಾಕೇಜ್.

## `du` ಆದೇಶ ಕೊಟ್ಟರೆ 4 ಟಿಬಿ ಡಿಸ್ಕಿನಲ್ಲಿ 9 ಟಿಬಿ ಇದೆ ಎನ್ನುತ್ತಿದೆ!

ಸ್ನ್ಯಾಪ್‌ಶಾಟ್‌ಗಳನ್ನು ಫೋಲ್ಡರ್ ಒಳಗೆ ಕಾಣುವಂತೆ ಮಾಡಿದ್ದೀರಿ. ಸಿನಾಲಜಿಯಲ್ಲಿ `#snapshot`, ಝಡ್‌ಎಫ್‌ಎಸ್‌ನಲ್ಲಿ `.zfs/snapshot` ಎಂಬ ಫೋಲ್ಡರ್‌ನಲ್ಲಿ ಪ್ರತಿ ಸ್ನ್ಯಾಪ್‌ಶಾಟ್ ಪೂರ್ತಿ ಫೋಲ್ಡರ್‌ನ ಹಾಗೆ ಕಾಣುತ್ತದೆ. `du` ಅದರೊಳಗೂ ಹೋಗಿ ಒಂದೇ ಬ್ಲಾಕನ್ನು ಹತ್ತಾರು ಸಲ ಎಣಿಸುತ್ತದೆ. ಆ ಫೋಲ್ಡರನ್ನು ಬಿಟ್ಟು ಎಣಿಸಲು ಹೇಳಿ:

```
du -sh --exclude='#snapshot' --exclude='#recycle' /volume1/*
```

## ಶೇರ್ಡ್ ಫೋಲ್ಡರ್‌ಗಳನ್ನು ಪರಿಶೀಲಿಸುವಾಗ ಏನನ್ನು ನೋಡಬೇಕು?

ದೊಡ್ಡ ಫೈಲ್ ಯಾವುದು ಎನ್ನುವುದಕ್ಕಿಂತ ಆ ಫೋಲ್ಡರ್‌ಗೆ ಯಾರು ಬರೆಯುತ್ತಿದ್ದಾರೆ, ಎಷ್ಟು ಬದಲಾಗುತ್ತಿದೆ ಎಂದು ನೋಡಿ. ಪ್ರತಿ ಫೋಲ್ಡರ್‌ಗೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದರಲ್ಲಿನ ಫೈಲ್‌ಗಳು ಸೇರುತ್ತಾ ಹೋಗುವಂಥವೋ, ಪದೇ ಪದೇ ತಿದ್ದಿ ಬರೆಯುವಂಥವೋ, ಬಂದು ಹೋಗುವಂಥವೋ? ಡೌನ್‌ಲೋಡ್, ವಿಡಿಯೊ ಎಡಿಟಿಂಗ್‌ನ ತಾತ್ಕಾಲಿಕ ಫೈಲ್, ಕ್ಯಾಮೆರಾ ರೆಕಾರ್ಡಿಂಗ್ ಇವೆಲ್ಲ ಬಂದು ಹೋಗುವ ಜಾತಿಯವು. ಇವು ಫೋಟೊ ಅಥವಾ ದಾಖಲೆಗಳ ಜೊತೆ ಒಂದೇ ಶೇರ್ಡ್ ಫೋಲ್ಡರ್‌ನಲ್ಲಿದ್ದರೆ ತೊಂದರೆ. ಸ್ನ್ಯಾಪ್‌ಶಾಟ್ ತೆಗೆಯುವುದು ಇಡೀ ಶೇರ್ಡ್ ಫೋಲ್ಡರ್‌ಗೆ, ಒಳಗಿನ ಉಪಫೋಲ್ಡರ್‌ಗಳಿಗೆ ಬೇರೆ ಬೇರೆ ನಿಯಮ ಇರುವುದಿಲ್ಲ. ಹೀಗಾಗಿ ಇವುಗಳಿಗೆ ಬೇರೆ ಶೇರ್ಡ್ ಫೋಲ್ಡರ್ ಮಾಡಿ, ಅದಕ್ಕೆ ಸ್ನ್ಯಾಪ್‌ಶಾಟ್ ಇಲ್ಲದಂತೆ ಬಿಡುವುದು ಸರಿ.

ಆದರೆ ಜಾಗ ಸಾಲದಿರುವಾಗಲೇ ಈ ಮರುಜೋಡಣೆಗೆ ಕೈಹಾಕಬೇಡಿ. ಒಂದೇ ಶೇರ್ಡ್ ಫೋಲ್ಡರ್ ಒಳಗೆ ಫೈಲ್ ಸರಿಸಿದರೆ ಹೆಸರು ಬದಲಾದಂತೆ, ಖರ್ಚಿಲ್ಲ. ಒಂದು ಶೇರ್ಡ್ ಫೋಲ್ಡರ್‌ನಿಂದ ಇನ್ನೊಂದಕ್ಕೆ ಸರಿಸುವುದು ಸಾಮಾನ್ಯವಾಗಿ ಅಲ್ಲಿಗೆ ನಕಲು ಮಾಡಿ ಇಲ್ಲಿ ಅಳಿಸುವ ಕೆಲಸ. ನಕಲು ಹೊಸ ಜಾಗ ತಿನ್ನುತ್ತದೆ, ಅಳಿಸಿದ್ದು ಹಳೆಯ ಫೋಲ್ಡರ್‌ನ ಸ್ನ್ಯಾಪ್‌ಶಾಟ್‌ನಲ್ಲಿ ಉಳಿಯುತ್ತದೆ. 200 ಜಿಬಿ ಖಾಲಿ ಇರುವಾಗ 300 ಜಿಬಿ ಸರಿಸಲು ಹೊರಟರೆ ಮಧ್ಯದಲ್ಲೇ ವಾಲ್ಯೂಮ್ ತುಂಬಿ ನಿಲ್ಲುತ್ತದೆ. ಮೊದಲು ಜಾಗ ಬಿಡಿಸಿ, ಆಮೇಲೆ ಜೋಡಿಸಿ.

ಇನ್ನೊಂದು ಸದ್ದಿಲ್ಲದ ಖರ್ಚು ಫೋಟೊ ಸಾಫ್ಟ್‌ವೇರ್‌ನದು. ಮುಖ ಗುರುತು, ರೇಟಿಂಗ್, ಸ್ಥಳದ ಮಾಹಿತಿಯನ್ನು ಫೈಲ್ ಒಳಗೇ ಬರೆಯುವ ಆಯ್ಕೆ ಆನ್ ಮಾಡಿ ಇಡೀ ಸಂಗ್ರಹದ ಮೇಲೆ ಓಡಿಸಿದರೆ, ಸಾಫ್ಟ್‌ವೇರ್ ಪ್ರತಿ ಫೋಟೊವನ್ನೂ ಹೊಸದಾಗಿ ಬರೆಯಬಹುದು. ಕಣ್ಣಿಗೆ ಏನೂ ಬದಲಾಗಿರುವುದಿಲ್ಲ, ಹಳೆಯ 850 ಜಿಬಿ ಮಾತ್ರ ಸ್ನ್ಯಾಪ್‌ಶಾಟ್‌ಗಳ ಪಾಲಾಗಿರುತ್ತದೆ.

## ಪಟ್ಟಿಯಲ್ಲಿ ಪ್ರತಿ ಸ್ನ್ಯಾಪ್‌ಶಾಟ್ ಕೆಲವೇ ಎಂಬಿ ತೋರಿಸುತ್ತದೆ. ಎಲ್ಲ ಕೂಡಿದರೂ 10 ಜಿಬಿ ಆಗುವುದಿಲ್ಲ. 520 ಜಿಬಿ ಎಲ್ಲಿಂದ ಬಂತು?

ಅನುಭವಿಗಳೂ ಎಡವುವ ಜಾಗ ಇದು. ಪಟ್ಟಿಯಲ್ಲಿ ಒಂದು ಸ್ನ್ಯಾಪ್‌ಶಾಟ್‌ನ ಎದುರು ಕಾಣುವ ಗಾತ್ರ, ಅದೊಂದೇ ಹಿಡಿದಿರುವ ಬ್ಲಾಕ್‌ಗಳದ್ದು ಮಾತ್ರ. ಎರಡು ಸ್ನ್ಯಾಪ್‌ಶಾಟ್‌ಗಳು ಸೇರಿ ಹಿಡಿದಿರುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಸೋಮವಾರ, ಮಂಗಳವಾರ, ಬುಧವಾರ ಒಂದೊಂದು ಸ್ನ್ಯಾಪ್‌ಶಾಟ್ ಆಯಿತು ಎಂದುಕೊಳ್ಳಿ. 100 ಜಿಬಿಯ ಒಂದು ಫೈಲ್ ಮೂರರಲ್ಲೂ ಇದೆ. ಗುರುವಾರ ಬೆಳಿಗ್ಗೆ ಅದನ್ನು ಅಳಿಸಿದಿರಿ. ಪಟ್ಟಿ ತೆಗೆದರೆ ಮೂರೂ ಸ್ನ್ಯಾಪ್‌ಶಾಟ್‌ಗಳ ಎದುರು ಸೊನ್ನೆಯ ಹತ್ತಿರದ ಸಂಖ್ಯೆ. ಸೋಮವಾರದ್ದನ್ನು ಅಳಿಸಿದರೆ ಏನೂ ಬರುವುದಿಲ್ಲ, ಮಂಗಳ ಮತ್ತು ಬುಧ ಇನ್ನೂ ಹಿಡಿದಿವೆ. ಮಂಗಳವಾರದ್ದನ್ನು ಅಳಿಸಿದರೂ ಏನೂ ಬರುವುದಿಲ್ಲ, ಆದರೆ ಈಗ ಬುಧವಾರದ ಎದುರು ಇದ್ದಕ್ಕಿದ್ದಂತೆ 100 ಜಿಬಿ ಕಾಣುತ್ತದೆ. ಅದನ್ನೂ ಅಳಿಸಿದಾಗ ಪೂರ್ತಿ ಜಾಗ ಒಂದೇ ಸಲ ಬಿಡುಗಡೆಯಾಗುತ್ತದೆ.

ಆದ್ದರಿಂದ 'ಒಂದೆರಡು ಅಳಿಸಿ ನೋಡಿದೆ, ಪ್ರಯೋಜನವಾಗಲಿಲ್ಲ' ಎಂದು ಕೈಬಿಡಬೇಡಿ. ಒಂದೊಂದರ ಗಾತ್ರ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಒಂದು ಅವಧಿಯ ಸಾಲನ್ನೇ ಒಟ್ಟಿಗೆ ಪರಿಗಣಿಸಬೇಕು.

## ಹಾಗಿದ್ದರೆ ಎಲ್ಲಿಂದ ಎಲ್ಲಿಯವರೆಗೆ ಅಳಿಸಿದರೆ ಎಷ್ಟು ಬರುತ್ತದೆ ಎಂದು ಮೊದಲೇ ತಿಳಿಯಬಹುದೇ?

ಝಡ್‌ಎಫ್‌ಎಸ್‌ನಲ್ಲಿ ತಿಳಿಯಬಹುದು. `-n` ಹಾಕಿದರೆ ಏನನ್ನೂ ಅಳಿಸದೆ ಲೆಕ್ಕವನ್ನಷ್ಟೇ ಹೇಳುತ್ತದೆ:

```
zfs destroy -nv tank/backup@auto-2024-01-01%auto-2024-06-30
```

`%` ಗುರುತಿನ ಎರಡೂ ಬದಿಯ ಸ್ನ್ಯಾಪ್‌ಶಾಟ್‌ಗಳೂ ಅವುಗಳ ನಡುವಿನವೂ ಸೇರಿದರೆ ಎಷ್ಟು ಜಾಗ ಬರುತ್ತದೆ ಎಂಬುದು ಕೊನೆಯ ಸಾಲಿನಲ್ಲಿ `would reclaim` ಎಂಬುದರ ಮುಂದೆ ಇರುತ್ತದೆ. ಹೆಸರುಗಳು ನಿಮ್ಮ ಪಟ್ಟಿಯಲ್ಲಿ ಇರುವಂತೆಯೇ ಇರಬೇಕು. ಸಂಖ್ಯೆ ಸಮಾಧಾನಕರವಾಗಿದ್ದರೆ ಅದೇ ಸಾಲನ್ನು `n` ತೆಗೆದು ಮತ್ತೆ ಕೊಡಿ. `@` ಗುರುತು ಬಿಟ್ಟುಹೋಗಿಲ್ಲ ಎಂದು ಎರಡು ಸಲ ನೋಡಿ. `@` ಇಲ್ಲದಿದ್ದರೆ ಈ ಆದೇಶ ಸ್ನ್ಯಾಪ್‌ಶಾಟ್ ಬಿಟ್ಟು ಫೋಲ್ಡರನ್ನೇ ಗುರಿ ಮಾಡುತ್ತದೆ.

ಬಿಟಿಆರ್‌ಎಫ್‌ಎಸ್ ಪೆಟ್ಟಿಗೆಗಳಲ್ಲಿ ಇಂಥ ನಿಖರ ಮುನ್ಸೂಚನೆ ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ ಹಳೆಯ ತುದಿಯಿಂದ ಶುರು ಮಾಡಿ, ಒಂದು ತಿಂಗಳಷ್ಟನ್ನು ಒಟ್ಟಿಗೆ ಆಯ್ದು ಅಳಿಸಿ, ಖಾಲಿ ಜಾಗ ನೋಡಿ, ಮುಂದಿನ ತಿಂಗಳಿಗೆ ಹೋಗುವುದೇ ದಾರಿ. ಈ ಕೆಲಸವನ್ನು ಪೆಟ್ಟಿಗೆಯ ಸ್ನ್ಯಾಪ್‌ಶಾಟ್ ಪರದೆಯಿಂದಲೇ ಮಾಡಿ. ಒಳಗಿನ ಫೋಲ್ಡರ್‌ಗೆ ಹೋಗಿ `rm` ಕೊಡಬೇಡಿ. ಓದಲು ಮಾತ್ರ ಇರುವ ಸ್ನ್ಯಾಪ್‌ಶಾಟ್‌ನ ಮೇಲೆ ಅದು ಕೆಲಸ ಮಾಡುವುದೂ ಇಲ್ಲ.

## ಸ್ನ್ಯಾಪ್‌ಶಾಟ್ ಅಳಿಸಿ ಹತ್ತು ನಿಮಿಷವಾಯಿತು, ಜಾಗ ಬಂದಿಲ್ಲ.

ಬಿಟಿಆರ್‌ಎಫ್‌ಎಸ್‌ನಲ್ಲಿ ಇದು ಸಹಜ. ಪಟ್ಟಿಯಿಂದ ಹೆಸರು ತಕ್ಷಣ ಹೋಗುತ್ತದೆ, ಬ್ಲಾಕ್‌ಗಳನ್ನು ಬಿಡಿಸುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ದೊಡ್ಡ ಫೋಲ್ಡರ್, ನಿಧಾನದ ಪ್ರೊಸೆಸರ್ ಇದ್ದರೆ ಗಂಟೆಗಳೇ ಹಿಡಿಯಬಹುದು. ಆ ಹೊತ್ತಿನಲ್ಲಿ ಡಿಸ್ಕ್ ಸದ್ದು ಮಾಡುತ್ತಿರುತ್ತದೆ, ಪೆಟ್ಟಿಗೆ ಮಂದವಾಗುತ್ತದೆ. ಮುಗಿಯುವುದನ್ನು ಕಾಯಬೇಕಿದ್ದರೆ `btrfs subvolume sync /volume1` ಕೊಡಿ, ಕೆಲಸ ಮುಗಿದಾಗ ಅದು ಹಿಂತಿರುಗುತ್ತದೆ.

ಅಳಿಸಲು ಬಿಡದಿದ್ದರೆ ಅದು ಬೇರೆ ವಿಷಯ. ಸ್ನ್ಯಾಪ್‌ಶಾಟ್‌ಗೆ ಬೀಗ ಹಾಕಿರಬಹುದು. ಸಿನಾಲಜಿಯಲ್ಲಿ ಅಳಿಸಲಾಗದ ಸ್ನ್ಯಾಪ್‌ಶಾಟ್ ಎಂಬ ಆಯ್ಕೆ ಇದೆ, ರಕ್ಷಣೆಯ ದಿನಗಳು ಮುಗಿಯುವವರೆಗೆ ಅಡ್ಮಿನ್ ಕೂಡ ತೆಗೆಯಲಾರ. ಝಡ್‌ಎಫ್‌ಎಸ್‌ನಲ್ಲಿ `zfs holds` ಕೊಟ್ಟು ಯಾವುದಾದರೂ ಹಿಡಿತವಿದೆಯೇ ನೋಡಿ. ಆ ಸ್ನ್ಯಾಪ್‌ಶಾಟ್‌ನಿಂದ ಕ್ಲೋನ್ ಮಾಡಿದ್ದರೆ, ಕ್ಲೋನ್ ಇರುವವರೆಗೂ ಅದು ಹೋಗುವುದಿಲ್ಲ.

## ಹಳೆಯ ಮ್ಯಾಕ್‌ನ ಟೈಮ್ ಮಷಿನ್ ಬ್ಯಾಕಪ್ ಇನ್ನೂ ಇದೆಯೇ ಎಂದು ಗುರುತಿಸುವುದು ಹೇಗೆ?

ಬ್ಯಾಕಪ್ ಫೋಲ್ಡರ್‌ನಲ್ಲಿ `.sparsebundle` ಅಥವಾ `.backupbundle` ಎಂದು ಮುಗಿಯುವ ಹೆಸರುಗಳನ್ನು ನೋಡಿ. ಪ್ರತಿಯೊಂದಕ್ಕೂ ಆಯಾ ಮ್ಯಾಕ್‌ನ ಹೆಸರಿರುತ್ತದೆ. ಹೊಸ ಮ್ಯಾಕ್ ಬಂದಾಗ ಹೆಚ್ಚಾಗಿ ಹೊಸದೊಂದು ಬಂಡಲ್ ಶುರುವಾಗುತ್ತದೆ, ಹಳೆಯದು ಅನಾಥವಾಗಿ ಉಳಿಯುತ್ತದೆ. ಅದಕ್ಕೆ ಬರೆಯುವವರೂ ಇಲ್ಲ, ಅದನ್ನು ಕತ್ತರಿಸುವವರೂ ಇಲ್ಲ. ಯಾವುದು ಜೀವಂತ ಎಂದು ತಿಳಿಯಲು ಬಂಡಲ್‌ನ ಒಳಗಿನ `bands` ಫೋಲ್ಡರ್ ತೆರೆದು ಫೈಲ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ. ಅತಿ ಹೊಸ ಫೈಲ್‌ನ ದಿನಾಂಕವೇ ಕೊನೆಯ ಬ್ಯಾಕಪ್‌ನ ದಿನಾಂಕ. ಹೊರಗಿನ ಬಂಡಲ್‌ನ ದಿನಾಂಕವನ್ನು ನಂಬಬೇಡಿ.

ನಮ್ಮ ಉದಾಹರಣೆಯ 900 ಜಿಬಿಯಲ್ಲಿ ಹಳೆಯ ಲ್ಯಾಪ್‌ಟಾಪಿನ ಬಂಡಲ್ 380, ಈಗಿನದು 320, ವಿಂಡೋಸ್ ಯಂತ್ರದ ಬ್ಯಾಕಪ್ 200. ಹಳೆಯದರಲ್ಲಿ ಕೊನೆಯ ಬರಹ 14 ತಿಂಗಳ ಹಿಂದಿನದು. ಅಳಿಸುವ ಮುನ್ನ ಅದನ್ನು ಮ್ಯಾಕ್‌ನಲ್ಲಿ ತೆರೆದು, ಹೊಸ ಯಂತ್ರಕ್ಕೆ ಬಾರದ ಫೈಲ್‌ಗಳೇನಾದರೂ ಇವೆಯೇ ಎಂದು ನೋಡಬೇಕು. ಫೋಟೊ ಲೈಬ್ರರಿ, ಮೇಲ್, ಡೆಸ್ಕ್‌ಟಾಪ್ ಈ ಮೂರು ಕಡೆಯೇ ಏನಾದರೂ ಉಳಿದಿರುವ ಸಂಭವ ಹೆಚ್ಚು.

ಈಗಿನ ಮ್ಯಾಕ್‌ಗೆ ಕೋಟಾ ಹಾಕಿ. ಟೈಮ್ ಮಷಿನ್ ತನಗೆ ಕಾಣುವ ಜಾಗವನ್ನೆಲ್ಲ ತುಂಬಿಸಿ, ತುಂಬಿದ ಮೇಲಷ್ಟೇ ಹಳೆಯ ಬ್ಯಾಕಪ್ ಅಳಿಸುವ ಸ್ವಭಾವದ್ದು. ಕೋಟಾ ಇಲ್ಲದಿದ್ದರೆ ಅದಕ್ಕೆ ಇಡೀ ನ್ಯಾಸ್ ಕಾಣುತ್ತದೆ. ಮ್ಯಾಕ್‌ನ ಡಿಸ್ಕಿನ ಎರಡರಷ್ಟು ಸಾಕು.

## ಬ್ಯಾಕಪ್ ಫೋಲ್ಡರ್‌ಗೂ ಸ್ನ್ಯಾಪ್‌ಶಾಟ್ ಬೇಕೇ?

ಬೇಕು, ಆದರೆ ಚಿಕ್ಕ ಅವಧಿಗೆ. ಬ್ಯಾಕಪ್ ಸಾಫ್ಟ್‌ವೇರ್ ತನ್ನ ಇತಿಹಾಸವನ್ನು ತಾನೇ ಇಟ್ಟುಕೊಳ್ಳುತ್ತದೆ, ಹಳೆಯದನ್ನು ತಾನೇ ಅಳಿಸುತ್ತದೆ. ಅದು ಅಳಿಸಿದ್ದನ್ನೆಲ್ಲ ಸ್ನ್ಯಾಪ್‌ಶಾಟ್ ಮತ್ತೆ ಹಿಡಿದಿಟ್ಟರೆ ನೀವು ಇತಿಹಾಸದ ಇತಿಹಾಸವನ್ನು ಇಡುತ್ತಿದ್ದೀರಿ. ಉದಾಹರಣೆಯ 520 ಜಿಬಿ ಹೀಗೇ ಆದದ್ದು. ಹಾಗೆಂದು ಪೂರ್ತಿ ನಿಲ್ಲಿಸಬಾರದು. ರ‍್ಯಾನ್ಸಮ್‌ವೇರ್ ಹೊಕ್ಕ ಕಂಪ್ಯೂಟರ್ ಬ್ಯಾಕಪ್ ಫೋಲ್ಡರನ್ನೂ ಗೀಚಿ ಹಾಕಬಲ್ಲದು, ಟೈಮ್ ಮಷಿನ್ ಬಂಡಲ್ ಕೆಟ್ಟು 'ಹೊಸದಾಗಿ ಶುರು ಮಾಡಬೇಕು' ಎನ್ನಬಹುದು. ಇಂಥ ಹೊತ್ತಿನಲ್ಲಿ ನಿನ್ನೆ ಮೊನ್ನೆಯ ಸ್ನ್ಯಾಪ್‌ಶಾಟ್‌ಗೆ ಹಿಂತಿರುಗುವುದು ಉಳಿಸುತ್ತದೆ. ದಿನಕ್ಕೊಂದರಂತೆ ಏಳು ದಿನ ನಮ್ಮ ಸಲಹೆ.

## ಹಳೆಯ ಬ್ಯಾಕಪ್ ಸೆಟ್‌ಗಳಲ್ಲಿ ದೊಡ್ಡ ಫೈಲ್ ಅಳಿಸಿ ಚಿಕ್ಕವನ್ನು ಉಳಿಸಿಕೊಳ್ಳಬಹುದೇ?

ಬೇಡ. ಆ ದೊಡ್ಡ ಫೈಲ್ ಪೂರ್ಣ ಬ್ಯಾಕಪ್, ಚಿಕ್ಕವು ಅದರ ನಂತರದ ಬದಲಾವಣೆಗಳು. ಚಿಕ್ಕದರಿಂದ ಏನನ್ನಾದರೂ ತೆಗೆಯಬೇಕಾದರೆ ಪೂರ್ಣದ್ದೂ ಬೇಕು, ನಡುವಿನವೂ ಬೇಕು. ಫೈಲ್ ಮ್ಯಾನೇಜರ್‌ನಿಂದ ದೊಡ್ಡದನ್ನು ತೆಗೆದರೆ ಉಳಿದವೆಲ್ಲ ಬರೀ ಕಸ. ಅದು ಗೊತ್ತಾಗುವುದು ರಿಸ್ಟೋರ್ ಮಾಡುವ ದಿನ. ತೆಗೆಯುವುದಿದ್ದರೆ ಒಂದು ಪೂರ್ಣ ಮತ್ತು ಅದರ ಬೆನ್ನಿಗಿರುವ ಎಲ್ಲ ಬದಲಾವಣೆಗಳನ್ನು ಒಟ್ಟಾಗಿ, ಅದೂ ಬ್ಯಾಕಪ್ ಸಾಫ್ಟ್‌ವೇರ್‌ನ ಒಳಗಿಂದಲೇ ತೆಗೆಯಿರಿ. ಹೊಸ ಪೂರ್ಣ ಬ್ಯಾಕಪ್ ಮುಗಿದು, ಅದರಿಂದ ಎರಡು ಮೂರು ಫೈಲ್ ವಾಪಸ್ ತೆಗೆದು ತೆರೆದು ನೋಡಿದ ಮೇಲೆ.

ದಿನಾಂಕದ ಹೆಸರಿನ ಫೋಲ್ಡರ್‌ಗಳಾಗಿ, ಹಾರ್ಡ್ ಲಿಂಕ್ ಬಳಸಿ ಮಾಡುವ ಬ್ಯಾಕಪ್‌ಗಳಿಗೆ ಈ ಕಟ್ಟು ಇಲ್ಲ, ಯಾವ ದಿನದ್ದನ್ನು ಬೇಕಾದರೂ ಅಳಿಸಬಹುದು. ಬೇರಾವ ದಿನದಲ್ಲೂ ಇಲ್ಲದ ಫೈಲ್‌ಗಳ ಜಾಗ ಮಾತ್ರ ಬರುತ್ತದೆ.

ರೆಸ್ಟಿಕ್ ಬಳಸುವವರಿಗೆ ಒಂದು ಸೂಕ್ಷ್ಮ. ಅದರ `forget` ನಿಯಮ ಯಂತ್ರ ಮತ್ತು ಫೋಲ್ಡರ್ ಗುಂಪುಗಳಿಗೆ ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ಬಳಕೆ ನಿಂತ ಲ್ಯಾಪ್‌ಟಾಪಿನ ಕೊನೆಯ ಏಳು ದಿನದ ಪ್ರತಿಗಳು, ಆ ಗುಂಪಿನ ಮಟ್ಟಿಗೆ ಯಾವಾಗಲೂ 'ಕೊನೆಯ ಏಳು'. ಹಾಗಾಗಿ ಅವು ತಾವಾಗಿ ಹೋಗುವುದೇ ಇಲ್ಲ. `restic snapshots --latest 1` ಕೊಟ್ಟರೆ ಪ್ರತಿ ಗುಂಪಿನ ಕೊನೆಯ ದಿನಾಂಕ ಕಾಣುತ್ತದೆ. ಸತ್ತ ಯಂತ್ರದ ಪ್ರತಿಗಳನ್ನು ಅವುಗಳ ಐಡಿ ಕೊಟ್ಟು `forget` ಮಾಡಿ. `forget` ಪಟ್ಟಿಯಿಂದ ತೆಗೆಯುತ್ತದೆಯಷ್ಟೇ. ಜಾಗ ಬರಬೇಕಾದರೆ `restic prune` ಓಡಬೇಕು, ಅದಕ್ಕೂ ಒಂದಿಷ್ಟು ಖಾಲಿ ಜಾಗ ಬೇಕು. ಬೋರ್ಗ್‌ನ 1.2 ಮತ್ತು ನಂತರದ ಆವೃತ್ತಿಗಳಲ್ಲೂ ಇದೇ ಕಥೆ: `borg prune` ಆದ ಮೇಲೆ `borg compact` ಕೊಡಬೇಕು.

## ಯಾವ ಕ್ರಮದಲ್ಲಿ ಅಳಿಸಬೇಕು?

ಮೊದಲು ಸ್ನ್ಯಾಪ್‌ಶಾಟ್ ವೇಳಾಪಟ್ಟಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಇಲ್ಲದಿದ್ದರೆ ಕೆಲಸದ ಮಧ್ಯೆ ಹೊಸ ಸ್ನ್ಯಾಪ್‌ಶಾಟ್ ಹುಟ್ಟಿ, ನೀವು ಅಳಿಸಬೇಕೆಂದಿರುವುದನ್ನು ಮತ್ತೆ ಹಿಡಿದುಕೊಳ್ಳುತ್ತದೆ. ಆಮೇಲೆ ಬೇಡದ ಫೈಲ್ ಮತ್ತು ಬ್ಯಾಕಪ್ ಸೆಟ್‌ಗಳನ್ನು ಅಳಿಸಿ. ನಂತರ ಬಿನ್ ಖಾಲಿ ಮಾಡಿ. ಇಲ್ಲಿಯವರೆಗೆ ಖಾಲಿ ಜಾಗ ಅಷ್ಟೇನೂ ಬದಲಾಗಿರುವುದಿಲ್ಲ, ಅದು ಒಳ್ಳೆಯದೇ. ತಪ್ಪಿ ಏನಾದರೂ ಅಳಿಸಿದ್ದರೆ ಸ್ನ್ಯಾಪ್‌ಶಾಟ್‌ನಿಂದ ತರಬಹುದು. ಒಂದೆರಡು ದಿನ ಹಾಗೇ ಬಿಟ್ಟು, ಮನೆಯಲ್ಲಿ ಯಾರೂ 'ಆ ಫೈಲ್ ಎಲ್ಲಿ' ಎಂದು ಕೇಳಲಿಲ್ಲವಾದರೆ ಕೊನೆಗೆ ಆಯಾ ಫೋಲ್ಡರ್‌ನ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತೆಗೆಯಿರಿ. ವೇಳಾಪಟ್ಟಿಯನ್ನು ಮತ್ತೆ ಚಾಲೂ ಮಾಡಲು ಮರೆಯಬೇಡಿ.

ಉದಾಹರಣೆಯಲ್ಲಿ 380 ಜಿಬಿಯ ಹಳೆಯ ಬಂಡಲ್ ಅಳಿಸಿದಾಗ ಬ್ಯಾಕಪ್ ಫೋಲ್ಡರ್‌ನ ಸ್ನ್ಯಾಪ್‌ಶಾಟ್ ಲೆಕ್ಕ 520ರಿಂದ 900ಕ್ಕೆ ಏರುತ್ತದೆ, ಖಾಲಿ ಜಾಗ ಇದ್ದಷ್ಟೇ ಇರುತ್ತದೆ. ವಿಡಿಯೊ ಫೋಲ್ಡರ್‌ನ ಬಿನ್ ಖಾಲಿ ಮಾಡಿದಾಗ ಅಲ್ಲಿನ ಲೆಕ್ಕ 230ರಿಂದ 350 ಆಗುತ್ತದೆ. ಈ ಎರಡು ಫೋಲ್ಡರ್‌ಗಳ ಸ್ನ್ಯಾಪ್‌ಶಾಟ್‌ಗಳು ಹೋದಾಗ 1,250 ಜಿಬಿ ಬಂತು. ಬಳಕೆ 3.3ರಿಂದ 2.05 ಟಿಬಿಗೆ, ಅಂದರೆ ಸುಮಾರು ಶೇ 59ಕ್ಕೆ ಇಳಿಯಿತು. ಫೋಟೊ ಮತ್ತು ದಾಖಲೆಗಳ ಸ್ನ್ಯಾಪ್‌ಶಾಟ್ ಒಂದನ್ನೂ ಮುಟ್ಟಬೇಕಾಗಲಿಲ್ಲ.

## ಪೂರ್ತಿ ತುಂಬಿ ನಿಂತಿದೆ. ಫೈಲ್ ಅಳಿಸಲು ಹೋದರೂ `No space left on device` ಎನ್ನುತ್ತದೆ.

ಈ ಎರಡೂ ಫೈಲ್ ಸಿಸ್ಟಮ್‌ಗಳು ಇರುವ ಬ್ಲಾಕ್ ಮೇಲೆ ತಿದ್ದಿ ಬರೆಯುವುದಿಲ್ಲ, ಪ್ರತಿ ಬದಲಾವಣೆಯನ್ನೂ ಹೊಸ ಬ್ಲಾಕಿಗೆ ಬರೆಯುತ್ತವೆ. ಅಳಿಸುವುದೂ ಒಂದು ಬದಲಾವಣೆ, ಅದಕ್ಕೂ ಸ್ವಲ್ಪ ಜಾಗ ಬೇಕು. ಇಲ್ಲಿ ಮಾತ್ರ ಮೇಲಿನ ಕ್ರಮವನ್ನು ತಿರುಗಿಸಬೇಕು. ಪೆಟ್ಟಿಗೆಗೆ ಬರೆಯುತ್ತಿರುವುದನ್ನೆಲ್ಲ ಮೊದಲು ನಿಲ್ಲಿಸಿ: ಬ್ಯಾಕಪ್, ಡೌನ್‌ಲೋಡ್, ಕ್ಯಾಮೆರಾ. ನಂತರ ಹೆಚ್ಚು ಬದಲಾಗುವ ಫೋಲ್ಡರ್‌ನ, ಅಂದರೆ ಸಾಮಾನ್ಯವಾಗಿ ಬ್ಯಾಕಪ್ ಫೋಲ್ಡರ್‌ನ, ಅತಿ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತೆಗೆಯಿರಿ. ಹತ್ತಿಪ್ಪತ್ತು ಜಿಬಿ ಬಂದರೆ ಉಸಿರಾಡಲು ಸಾಕು, ಆಮೇಲೆ ಮೇಲಿನ ಕ್ರಮಕ್ಕೆ ಮರಳಿ. ಗಾಬರಿಯಲ್ಲಿ ಪದೇ ಪದೇ ರೀಸ್ಟಾರ್ಟ್ ಮಾಡಬೇಡಿ, ಅದರಿಂದ ಜಾಗ ಬರುವುದಿಲ್ಲ.

## ಮುಂದೆ ಹೀಗಾಗದಂತೆ ಸ್ನ್ಯಾಪ್‌ಶಾಟ್‌ಗಳನ್ನು ಎಷ್ಟು ದಿನ ಇಡಬೇಕು?

ಎಲ್ಲ ಫೋಲ್ಡರ್‌ಗಳಿಗೂ ಒಂದೇ ನಿಯಮ ಹಾಕುವುದೇ ತೊಂದರೆಯ ಮೂಲ. ದಾಖಲೆಗಳಿಗೆ ಧಾರಾಳವಾಗಿ ಇಡಿ: ಗಂಟೆಗೊಂದರಂತೆ 24, ದಿನಕ್ಕೊಂದರಂತೆ 7, ವಾರಕ್ಕೊಂದರಂತೆ 4, ತಿಂಗಳಿಗೊಂದರಂತೆ 6. ಫೋಟೊಗಳಿಗೆ ಗಂಟೆಯದು ಬೇಡ, ಉಳಿದದ್ದು ಹಾಗೇ ಇರಲಿ. ವಿಡಿಯೊಗೆ ದಿನದ್ದು ಹದಿನಾಲ್ಕು. ಡೌನ್‌ಲೋಡ್‌ಗೆ ಏನೂ ಬೇಡ. ಬಿನ್‌ಗೆ 30 ದಿನಕ್ಕಿಂತ ಹಳೆಯದನ್ನು ವಾರಕ್ಕೊಮ್ಮೆ ಅಳಿಸುವ ವೇಳಾಪಟ್ಟಿ ಹಾಕಿ.

ಅವಧಿಯ ನಿಯಮ ಚಿಕ್ಕದು ಮಾಡಿದ ಕೂಡಲೇ ಹಳೆಯವೆಲ್ಲ ತಾವಾಗಿ ಹೋಗುತ್ತವೆ ಎಂದುಕೊಳ್ಳಬೇಡಿ. ಕೈಯಲ್ಲಿ ತೆಗೆದ, ಅಥವಾ ಹಿಂದಿನ ವೇಳಾಪಟ್ಟಿಯ ಹೆಸರಿನಲ್ಲಿರುವ ಸ್ನ್ಯಾಪ್‌ಶಾಟ್‌ಗಳನ್ನು ಹೊಸ ನಿಯಮ ಮುಟ್ಟದೇ ಇರಬಹುದು. ಒಂದು ವಾರ ಬಿಟ್ಟು ಪಟ್ಟಿ ತೆಗೆದು ಅತಿ ಹಳೆಯ ದಿನಾಂಕ ಯಾವುದೆಂದು ನೋಡಿ.

## ಇಷ್ಟೆಲ್ಲ ಮಾಡಿದ ಮೇಲೂ ದೊಡ್ಡ ಡಿಸ್ಕ್ ಬೇಕಾಗುವುದು ಯಾವಾಗ?

ಈಗ ಕಾಣುವ ಫೈಲ್‌ಗಳೇ ಶೇ 80 ದಾಟಿದಾಗ. ಬಳಕೆ ಶೇ 80ರೊಳಗೇ ಇರಲಿ ಎಂಬುದು ಟ್ರೂನ್ಯಾಸ್‌ನ ಸಲಹೆಯೂ ಹೌದು. ಅದರಾಚೆಗೆ ಖಾಲಿ ಜಾಗ ಚೂರುಚೂರಾಗಿ ಉಳಿದು ಬರೆಯುವ ವೇಗ ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ 3.5 ಟಿಬಿಯ ಶೇ 80 ಅಂದರೆ 2.8. ಈಗ 2.05 ಇರುವುದರಿಂದ 750 ಜಿಬಿ ಉಳಿದಿದೆ. ತಿಂಗಳಿಗೆ 30 ಜಿಬಿ ಸೇರುತ್ತಿದ್ದರೆ ಎರಡು ವರ್ಷಕ್ಕೂ ತುಸು ಹೆಚ್ಚು. ನಿಮ್ಮ ತಿಂಗಳ ಸಂಖ್ಯೆ ತಿಳಿಯಲು ಫೋಲ್ಡರ್‌ವಾರು ಗಾತ್ರವನ್ನು ಎರಡು ಬೇರೆ ತಿಂಗಳ ಮೊದಲ ದಿನ ಬರೆದಿಟ್ಟು ಕಳೆದರಾಯಿತು.

ಡಿಸ್ಕ್ ಬದಲಿಸುವಾಗ ಮಿರರ್‌ನ ಎರಡನ್ನೂ ಬದಲಿಸಬೇಕು, ಒಂದಾದ ಮೇಲೆ ಒಂದು. ಮೊದಲನೆಯದು ಹೊಂದಿಕೊಂಡು ಪುನರ್ನಿರ್ಮಾಣ ಪೂರ್ತಿಯಾಗುವವರೆಗೆ ಎರಡನೆಯದಕ್ಕೆ ಕೈಹಾಕಬಾರದು. ಒಂದನ್ನು ಮಾತ್ರ 8 ಟಿಬಿಗೆ ಬದಲಿಸಿದರೆ ಜಾಗ ಹೆಚ್ಚುವುದಿಲ್ಲ, ಮಿರರ್ ಚಿಕ್ಕ ಡಿಸ್ಕಿನ ಅಳತೆಗೇ ನಿಲ್ಲುತ್ತದೆ. ಪುನರ್ನಿರ್ಮಾಣದ ಗಂಟೆಗಳಲ್ಲಿ ಮಾಹಿತಿ ಒಂದೇ ಹಳೆಯ ಡಿಸ್ಕಿನ ಮೇಲೆ ನಿಂತಿರುತ್ತದೆ. ಆದ್ದರಿಂದ ಫೋಟೊ ಮತ್ತು ದಾಖಲೆಗಳ ಇನ್ನೊಂದು ಪ್ರತಿ ನ್ಯಾಸ್‌ನ ಹೊರಗೆ, ಒಂದು ಯುಎಸ್‌ಬಿ ಡಿಸ್ಕಿನಲ್ಲಾದರೂ, ಇದೆ ಎಂದು ಖಚಿತವಾದ ಮೇಲೆ ಮೊದಲ ಡಿಸ್ಕ್ ಹೊರತೆಗೆಯಿರಿ. ಸ್ನ್ಯಾಪ್‌ಶಾಟ್‌ಗಳಿರುವುದೂ ಅದೇ ಡಿಸ್ಕ್‌ಗಳ ಮೇಲೆ, ಡಿಸ್ಕ್ ಹೋದರೆ ಅವೂ ಹೋಗುತ್ತವೆ.